ಹೆಸರು ಬರೆಯದಿದ್ದರೂ ಮನೆಯವರ ಒಪ್ಪಿಗೆ ಬೇಕಾ?

ಓದುಗರ ಪ್ರಶ್ನೆ: ಪಾವಗಡ ತಾಲ್ಲೂಕಿನ ಎರಡು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಹಲ್ಲಿನ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕಲೆಗಟ್ಟುವ ತೊಂದರೆಯ ಬಗ್ಗೆ ಅಧ್ಯಯನ ಮಾಡಬೇಕಿದೆ. ಹೆಡ್‌ಮಾಸ್ಟರ್ ಅನುಮತಿ ಪತ್ರ ಕೊಟ್ಟಿದ್ದಾರೆ. ಮಕ್ಕಳ ಹೆಸರು ಎಲ್ಲೂ ಬರೆಯುವುದಿಲ್ಲ. ಆದರೂ ಒಬ್ಬೊಬ್ಬರ ಅಪ್ಪ ಅಮ್ಮನ ಒಪ್ಪಿಗೆ ತರಬೇಕಾ?

ಉತ್ತರ: ತರಬೇಕು. ಹೆಡ್‌ಮಾಸ್ಟರ್ ಪತ್ರ ನಿಮ್ಮನ್ನು ಶಾಲೆಯ ಗೇಟಿನ ಒಳಗೆ ಬಿಡುತ್ತದೆ, ಅಷ್ಟೇ. ಮಗುವಿನ ಬಾಯಿ ತೆರೆಸಿ ನೋಡಲು ಒಪ್ಪಿಗೆ ಕೊಡುವ ಅಧಿಕಾರ ಅವರಿಗಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಮಕ್ಕಳ ಮೇಲಿನ ಸಂಶೋಧನೆಗೆಂದೇ ಮಾರ್ಗಸೂಚಿ ತಂದಿದೆ. ಬರೀ ಹಲ್ಲು ನೋಡಿ ನಾಲ್ಕು ಪ್ರಶ್ನೆ ಕೇಳುವಂಥ ಕಡಿಮೆ ಅಪಾಯದ ಕೆಲಸಕ್ಕೆ ಅಪ್ಪ ಅಥವಾ ಅಮ್ಮ, ಒಬ್ಬರು ಒಪ್ಪಿದರೆ ಸಾಕು. ಜೊತೆಗೆ ಮಗುವನ್ನೂ ಕೇಳಬೇಕು. 7ರಿಂದ 12 ವರ್ಷದವರು ಮನೆಯವರ ಎದುರು ಬಾಯಿಮಾತಲ್ಲಿ ಹೇಳಿದರೆ ಆಯಿತು. 12 ದಾಟಿದವರ ಸಮ್ಮತಿ ಬರಹದಲ್ಲಿರಬೇಕು. ಮನೆಯವರು ಸಹಿ ಹಾಕಿದ್ದರೂ ಮಗು "ಬೇಡ" ಅಂದರೆ ಅಲ್ಲಿಗೇ ಬಿಡಿ. ಬಾಯಿ ಬಿಗಿಹಿಡಿದು ನಿಂತರೆ ಅದೂ "ಬೇಡ" ಅಂತಲೇ ಅರ್ಥ. ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರೆ ಯಾವ ಮಗುವೂ ಬೇಡ ಅನ್ನುವುದಿಲ್ಲ. ಹಾಗಾಗಿ ಆ ಹೊತ್ತಿಗೆ ಅವರನ್ನು ಸ್ವಲ್ಪ ದೂರ ಇರಲು ಕೇಳಿಕೊಳ್ಳಿ.

ಪಾವಗಡದ ಕಡೆ ಬಹಳ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಕಚೇರಿ ಕನ್ನಡದ ಎರಡು ಪುಟ ಕೈಗಿಟ್ಟು ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರ ಮಾತಿನಲ್ಲಿ ಓದಿ ಹೇಳಿ. ಓದು ಬರದವರು ಹೆಬ್ಬೆಟ್ಟು ಹಾಕುವಾಗ ನಿಮ್ಮ ತಂಡಕ್ಕೆ ಸೇರದ ಒಬ್ಬರು ಸಾಕ್ಷಿಯಾಗಿ ಇರಬೇಕು. ಅಪ್ಪ ಅಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಮಗು ಅಜ್ಜಿ ಹತ್ತಿರ ಇದ್ದರೆ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಮೊದಲೇ ಬರೆದು ಕೇಳಿ. ಊರಿಗೆ ಹೋದ ಮೇಲೆ ನಿಮ್ಮಷ್ಟಕ್ಕೆ ತೀರ್ಮಾನಿಸಬೇಡಿ. "ಚೀಟಿ ವಾಪಸ್ ಬರದಿದ್ದರೆ ಒಪ್ಪಿದಂತೆ" ಅನ್ನುವ ಅಡ್ಡದಾರಿಯಂತೂ ಬೇಡವೇ ಬೇಡ. ಬ್ಯಾಗಿನಲ್ಲೇ ಮುದುಡಿ ಉಳಿದ ಚೀಟಿಯನ್ನು ಯಾರೂ ಓದಿರುವುದಿಲ್ಲ.

ಇನ್ನು ಹೆಸರಿನ ವಿಷಯ. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ.

ಒಂದು ಶಾಲೆಯಲ್ಲಿ 42 ಮಕ್ಕಳು, 7ನೇ ತರಗತಿಯಲ್ಲಿ ಮೂವರೇ ಹುಡುಗಿಯರು ಅಂದುಕೊಳ್ಳಿ. ನಿಮ್ಮ ಕೋಷ್ಟಕದಲ್ಲಿ ಊರಿನ ಹೆಸರು, ಅದರ ಕೆಳಗೆ "7ನೇ ತರಗತಿ, ಹೆಣ್ಣು, ತೀವ್ರ ಫ್ಲೋರೋಸಿಸ್: 1" ಅಂತ ಬರುತ್ತದೆ. ಹೆಸರು ಎಲ್ಲೂ ಇಲ್ಲ. ಆದರೆ ಆ ಊರಿನವರಿಗೆ ಅದು ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಹಲ್ಲು ಅಂದರೆ ಹುಡುಗಿ ಬಾಯಿ ಮುಚ್ಚಿಕೊಂಡು ನಗುವಂತಾಗುತ್ತದೆ. ಮುಂದೆ ಮದುವೆ ಮಾತು ಬಂದಾಗಲೂ ಅದು ಎದ್ದು ನಿಲ್ಲಬಹುದು. ಅದರ ಮೇಲೆ ಅಚ್ಚಾದ ದಾಖಲೆ ಬೇರೆ ಬೇಕಾ?

ಸರಿಪಡಿಸುವುದು ಕಷ್ಟವಲ್ಲ. ಊರಿನ ಹೆಸರು ಬಿಟ್ಟು ತಾಲ್ಲೂಕು ಅಂತಷ್ಟೇ ಬರೆಯಿರಿ. ತರಗತಿಯ ಬದಲು 12ರಿಂದ 14 ವರ್ಷ ಅಂತ ಒಟ್ಟುಗೂಡಿಸಿ. ಕೋಷ್ಟಕದ ಯಾವುದಾದರೂ ಚೌಕದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳು ಉಳಿದರೆ ಅದನ್ನು ಪಕ್ಕದ ಚೌಕಕ್ಕೆ ಸೇರಿಸಿ. ಐದು ಅನ್ನುವುದು ರೂಢಿಯ ಲೆಕ್ಕ. ಇಷ್ಟು ಸಣ್ಣ ಶಾಲೆಗೆ ಹತ್ತು ಇಟ್ಟುಕೊಂಡರೂ ತಪ್ಪಿಲ್ಲ. ಇಷ್ಟು ಮಾಡಿದರೆ "ತೀವ್ರ" ಮತ್ತು "ಮಧ್ಯಮ" ಒಂದೇ ಗುಂಪಾಗಬಹುದು, ವಿಶ್ಲೇಷಣೆ ಸ್ವಲ್ಪ ಮಂಕಾಗಬಹುದು. ಆ ನಷ್ಟ ನಿಮ್ಮದಾಗಲಿ, ಮಗುವಿನದು ಬೇಡ.

ಕಮಿಟಿಗೆ ಕೊಡುವ ಅರ್ಜಿಯಲ್ಲಿ "ಅನಾಮಧೇಯ" ಅಂತ ಬರೆಯುವ ಮೊದಲು ಇನ್ನೊಮ್ಮೆ ಯೋಚಿಸಿ. ಹಲ್ಲು ತುಂಬ ಹಾಳಾಗಿರುವ ಮಗುವನ್ನು ದಂತ ವೈದ್ಯರ ಹತ್ತಿರ ಕಳಿಸಬೇಕು, ಅಲ್ವಾ? ಹಾಗಾದರೆ ಹೆಸರಿನ ಬದಲು ನೀವು ಹಾಕಿದ ಕೆ-17 ಅನ್ನುವಂಥ ಸಂಖ್ಯೆ ಯಾವ ಮಗುವಿನದು ಅಂತ ನಿಮಗೆ ಗೊತ್ತಿರಲೇಬೇಕು. ಅಂದರೆ ನಿಮ್ಮ ಮಾಹಿತಿ ಅನಾಮಧೇಯ ಅಲ್ಲ, ಸಂಕೇತ ಹಾಕಿದ ಮಾಹಿತಿ ಮಾತ್ರ. ಮನೆಯವರಿಗೂ ಹಾಗೆಯೇ ಹೇಳಿ: "ಪಟ್ಟಿ ನನ್ನ ಹತ್ತಿರ ಇರುತ್ತದೆ, ಇಂಥ ದಿನ ಅದನ್ನು ನಾಶ ಮಾಡುತ್ತೇನೆ." ಆ ಪಟ್ಟಿ ಕಾಗದದಲ್ಲಿರಲಿ, ಕಾಲೇಜಿನ ಬೀಗ ಹಾಕಿದ ಬೀರುವಿನಲ್ಲಿರಲಿ. ಉತ್ತರಗಳಿರುವ ಫೈಲು ಬೇರೆ ಕಡೆ ಇರಲಿ.

ಫೋಟೊ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ತುಟಿ ಸರಿಸುವ ಪ್ಲಾಸ್ಟಿಕ್ ರಿಟ್ರ್ಯಾಕ್ಟರ್ ಹಾಕಿ ಹಲ್ಲು ಮಾತ್ರ ಬರುವಂತೆ ತೆಗೆಯಿರಿ, ಮುಖ ಬೇಡ. ಫೋಟೊ ತೆಗೆಯುವುದಕ್ಕೆ ಒಪ್ಪಿಗೆ ಪತ್ರದಲ್ಲಿ ಬೇರೆಯೇ ಸಾಲು ಇರಲಿ. ನಿಮ್ಮ ಸ್ವಂತ ಫೋನಿನಲ್ಲಿ ತೆಗೆದರೆ ಚಿತ್ರ ತಾನಾಗಿಯೇ ಕ್ಲೌಡ್‌ಗೆ ಹೋಗಬಹುದು, ಅದರೊಳಗೆ ಶಾಲೆ ಇರುವ ಜಾಗವೂ ದಾಖಲಾಗಿರಬಹುದು. ಮೊದಲೇ ಬ್ಯಾಕಪ್ ಮತ್ತು ಲೊಕೇಶನ್ ಎರಡನ್ನೂ ಆಫ್ ಮಾಡಿ. ಗೈಡ್‌ಗೆ ತೋರಿಸೋಣ ಅಂತ ಸುಮ್ನೆ ಒಂದು ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ ಅದು ನಿಮ್ಮ ಕೈ ತಪ್ಪಿತು. ಆಮೇಲೆ ಆ ತಾಯಿ ಬಂದು "ನನ್ನ ಮಗಳದು ತೆಗೆದುಬಿಡಿ" ಅಂದರೆ ಎಲ್ಲಿಂದ ತೆಗೆಯುತ್ತೀರಿ?