ಪ್ರೆಸ್‌ನಲ್ಲಿ ಡೈ ಬದಲಾವಣೆ: ಸಮಯ ಹೋಗುವುದು ಬೋಲ್ಟ್‌ನಲ್ಲಲ್ಲ, ಹೊಂದಾಣಿಕೆಯಲ್ಲಿ

ಸ್ಟ್ಯಾಂಪಿಂಗ್ ಪ್ರೆಸ್‌ನಲ್ಲಿ ಲೋಹದ ಪಟ್ಟಿಗೆ ಆಕಾರ ಕೊಡುವ ಒಂದು ಅಚ್ಚನ್ನು, ಅಂದರೆ ಡೈಯನ್ನು, ತೆಗೆದು ಇನ್ನೊಂದನ್ನು ಕೂರಿಸುವ ಕೆಲಸವನ್ನು ಹತ್ತು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಮುಗಿಸುವ ವಿಧಾನಕ್ಕೆ ಸಿಂಗಲ್ ಮಿನಿಟ್ ಎಕ್ಸ್‌ಚೇಂಜ್ ಆಫ್ ಡೈ, ಚಿಕ್ಕದಾಗಿ ಎಸ್‌ಎಂಇಡಿ ಎಂಬ ಹೆಸರಿದೆ. ಇಲ್ಲಿ ಅಳೆಯುವ ಸಮಯ ಯಾವುದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು: ಹಳೆಯ ಡೈಯಿಂದ ಬಂದ ಕೊನೆಯ ಸರಿಯಾದ ಬಿಡಿಭಾಗದಿಂದ ಹೊಸ ಡೈಯಿಂದ ಬರುವ ಮೊದಲ ಸರಿಯಾದ ಬಿಡಿಭಾಗದವರೆಗಿನ ಅವಧಿಯೇ ಬದಲಾವಣೆಯ ಸಮಯ. ಡೈ ಬಿಗಿದಾಯಿತು ಎಂದು ಗಡಿಯಾರ ನಿಲ್ಲಿಸಿದರೆ ಅಸಲಿ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಈ ವಿಧಾನವನ್ನು ರೂಪಿಸಿದವರು ಜಪಾನಿನ ಶಿಗೆಯೊ ಶಿಂಗೊ. 1950ರಲ್ಲಿ ಹಿರೋಷಿಮಾದ ತೊಯೊ ಕೊಗ್ಯೊ ಕಾರ್ಖಾನೆಯಲ್ಲಿ, ಅಂದರೆ ಇಂದಿನ ಮಜ್ದಾದಲ್ಲಿ, 800 ಟನ್ ಪ್ರೆಸ್‌ನ ಡೈ ಬದಲಾವಣೆಯನ್ನು ಅವರು ಗಮನಿಸುತ್ತಿದ್ದಾಗ ಒಂದು ಬೋಲ್ಟ್ ಸಿಗದೆ ಕೆಲಸಗಾರ ಅದನ್ನು ಹುಡುಕಿಕೊಂಡು ಹೋದ. ಅಷ್ಟು ಹೊತ್ತೂ ಪ್ರೆಸ್ ಸುಮ್ಮನೆ ನಿಂತಿತ್ತು. ಯಂತ್ರ ನಿಂತಿರುವಾಗ ಮಾತ್ರ ಮಾಡಬಹುದಾದ ಕೆಲಸ ಬೇರೆ, ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಬೇರೆ ಎಂಬ ವಿಂಗಡಣೆ ಅಲ್ಲಿಂದ ಹುಟ್ಟಿತು. ಮೊದಲನೆಯದನ್ನು ಒಳಗಿನ ಸಿದ್ಧತೆ, ಎರಡನೆಯದನ್ನು ಹೊರಗಿನ ಸಿದ್ಧತೆ ಎನ್ನೋಣ. 1969ರಲ್ಲಿ ಟೊಯೋಟಾದ 1000 ಟನ್ ಪ್ರೆಸ್ ಒಂದರಲ್ಲಿ ನಾಲ್ಕು ಗಂಟೆ ಹಿಡಿಯುತ್ತಿದ್ದ ಬದಲಾವಣೆಯನ್ನು ಅವರು ಆರು ತಿಂಗಳಲ್ಲಿ 90 ನಿಮಿಷಕ್ಕೆ ತಂದರು. ಅದನ್ನು ಮೂರು ನಿಮಿಷಕ್ಕೆ ಇಳಿಸಬೇಕೆಂದು ಆಡಳಿತ ಹೇಳಿದಾಗ, ಒಳಗಿನ ಸಿದ್ಧತೆಯನ್ನೇ ಹೊರಗಿನದಾಗಿ ಪರಿವರ್ತಿಸುವ ಯೋಚನೆ ಹೊಳೆದು, ಮತ್ತೆ ಮೂರು ತಿಂಗಳಲ್ಲಿ ಆ ಗುರಿಯೂ ಮುಟ್ಟಿತು.

ಈಗ ಲೆಕ್ಕಕ್ಕಾಗಿ 200 ಟನ್‌ನ ಒಂದು ಮೆಕ್ಯಾನಿಕಲ್ ಪ್ರೆಸ್ ಅನ್ನು ಊಹಿಸಿಕೊಳ್ಳೋಣ. ಕಾಯಿಲ್‌ನಿಂದ ಪಟ್ಟಿ ಬಿಚ್ಚಿಕೊಂಡು ಒಂದೊಂದು ಸ್ಟ್ರೋಕ್‌ಗೆ ಒಂದೊಂದು ಹಂತ ಸರಿಯುತ್ತ ಬಿಡಿಭಾಗ ರೂಪುಗೊಳ್ಳುವ ಪ್ರೋಗ್ರೆಸಿವ್ ಡೈಗೆ ಹೋಗುತ್ತದೆ. ಬದಲಾವಣೆಗೆ ಒಟ್ಟು 95 ನಿಮಿಷ ಹಿಡಿಯುತ್ತದೆ. ಇದರಲ್ಲಿ 35 ನಿಮಿಷ ಡೈಯನ್ನು ರ‍್ಯಾಕ್‌ನಿಂದ ತರುವುದು, ಸ್ಪ್ಯಾನರ್ ಹುಡುಕುವುದು, ಕಾಯಿಲ್ ಮತ್ತು ಗೇಜ್‌ಗಳಿಗಾಗಿ ಸ್ಟೋರ್‌ಗೆ ಅಲೆಯುವುದರಲ್ಲಿ ಹೋಗುತ್ತದೆ. ಹಳೆಯ ಡೈ ಬಿಚ್ಚಿ ಹೊಸದನ್ನು ಬಿಗಿಯಲು 20 ನಿಮಿಷ. ಉಳಿದ 40 ನಿಮಿಷ ಪ್ರೆಸ್‌ನಲ್ಲಿ ಮೇಲೆ ಕೆಳಗೆ ಚಲಿಸುವ ರ‍್ಯಾಮ್‌ನ ಎತ್ತರ ಸರಿಪಡಿಸುವುದು, ಪಟ್ಟಿಯ ದಾರಿ ಹೊಂದಿಸುವುದು, ಒಂದೊಂದೇ ಸ್ಟ್ರೋಕ್ ಹೊಡೆದು ಬಿಡಿಭಾಗ ಅಳೆಯುವುದು, ಮತ್ತೆ ಹೊಂದಿಸುವುದು.

ಮೊದಲ 35 ನಿಮಿಷವನ್ನು ಉಳಿಸಲು ಹಣವೇನೂ ಬೇಕಿಲ್ಲ. ಮುಂದಿನ ಡೈ, ಅದರ ಬೋಲ್ಟ್‌ಗಳು, ಗೇಜ್‌ಗಳೆಲ್ಲ ಒಂದು ಡೈ ಟ್ರಾಲಿಯ ಮೇಲೆ ಪ್ರೆಸ್ ಪಕ್ಕದಲ್ಲಿ, ಹಳೆಯ ಬ್ಯಾಚ್ ಮುಗಿಯುವ ಮೊದಲೇ ಬಂದು ನಿಂತಿರಬೇಕು, ಅಷ್ಟೇ. ಬಹಳಷ್ಟು ಕಡೆ ಎಸ್‌ಎಂಇಡಿ ಈ ಹಂತದಲ್ಲೇ ನಿಂತುಬಿಡುತ್ತದೆ. ಫಲಕದ ಮೇಲೆ 95 ಹೋಗಿ 60 ಬಂದದ್ದೇ ಎಲ್ಲರಿಗೂ ಸಾಕೆನಿಸುತ್ತದೆ.

ಬಿಗಿಯುವ 20 ನಿಮಿಷದಲ್ಲಿ ಗಮನಿಸಬೇಕಾದದ್ದು ಡೈಯ ಅಂಚಿನ ದಪ್ಪ. ಒಂದು ಡೈಯ ಶೂ, ಅಂದರೆ ಡೈಯನ್ನು ಪ್ರೆಸ್‌ಗೆ ಬಿಗಿಯುವ ಪ್ಲೇಟ್, 40 ಮಿ.ಮೀ., ಇನ್ನೊಂದರದು 55 ಮಿ.ಮೀ. ಇದ್ದರೆ ಪ್ರತಿ ಸಲ ಬೋಲ್ಟ್‌ನ ಉದ್ದವೂ ಕ್ಲ್ಯಾಂಪ್‌ನ ಹಿಂದೆ ಕೊಡುವ ಆನಿಕೆಯೂ ಬದಲಾಗುತ್ತವೆ. ಕ್ಲ್ಯಾಂಪ್ ಹಿಡಿಯುವ ಜಾಗಕ್ಕೆ ತುಂಡು ಪ್ಲೇಟ್ ಕೂಡಿಸಿ ಎಲ್ಲ ಡೈಗಳನ್ನೂ 55ಕ್ಕೆ ಸಮ ಮಾಡಿದರೆ ಒಂದೇ ಬೋಲ್ಟ್ ಎಲ್ಲಕ್ಕೂ ಆಗುತ್ತದೆ. ನಟ್ಟನ್ನು ಒಂದು ಸುತ್ತು ಸಡಿಲಿಸಿದರೆ ಸೀಳಿರುವ ಕ್ಲ್ಯಾಂಪ್ ಹಿಂದೆ ಸರಿಯುತ್ತದೆ. ಬೋಲ್ಟ್ ನಿಜವಾಗಿ ಬಿಗಿಯುವುದು ಕೊನೆಯ ಸುತ್ತಿನಲ್ಲಿ ಮಾತ್ರ, ಅದಕ್ಕೆ ಮೊದಲಿನ ಸುತ್ತುಗಳೆಲ್ಲ ಬರಿಯ ಓಡಾಟ. ಡೈ ಕೂರುವ ಪ್ರೆಸ್‌ನ ಮೇಜಾದ ಬೋಲ್ಸ್ಟರ್‌ನ ಹಿಂಬದಿಯಲ್ಲಿ ಎರಡು ಪಿನ್ ನೆಟ್ಟು, ಡೈಯಲ್ಲಿ ಅದಕ್ಕೆ ತಕ್ಕ ತೋಡು ಮಾಡಿದರೆ, ಡೈಯನ್ನು ಪಿನ್‌ಗೆ ತಾಗುವವರೆಗೆ ತಳ್ಳಿದಾಗಲೇ ಅದರ ಸ್ಥಾನ ನಿರ್ಧಾರವಾಗುತ್ತದೆ. ಮುಂದೊಬ್ಬ ಹಿಂದೊಬ್ಬ ಸೇರಿ ಮಾಡಿದರೆ ಈ ಕೆಲಸ 5 ನಿಮಿಷಕ್ಕೆ ಇಳಿಯಬಹುದು. ಆದರೆ ಇಬ್ಬರಿರುವಾಗ ಕೈ ಡೈಯೊಳಗೆ ಹೋಗುವ ಮೊದಲು ರ‍್ಯಾಮ್ ಕೆಳಗಿಳಿಯದಂತೆ ತಡೆಯುವ ಸೇಫ್ಟಿ ಬ್ಲಾಕ್ ಕೊಟ್ಟಿರಬೇಕು, ರ‍್ಯಾಮ್ ಅನ್ನು ಒಬ್ಬನ ಗುಂಡಿಯಿಂದ ಚಲಿಸಲು ಬಿಡಬಾರದು. ಈ ವಿಷಯದಲ್ಲಿ ನಿಮಿಷ ಉಳಿಸುವ ಮಾತೇ ಬೇಡ.

ಇನ್ನುಳಿದದ್ದು ಆ 40 ನಿಮಿಷ. ಸಾಂಪ್ರದಾಯಿಕ ಬದಲಾವಣೆಯಲ್ಲಿ ಅರ್ಧದಷ್ಟು ಸಮಯ ಪ್ರಾಯೋಗಿಕ ಓಟ ಮತ್ತು ಹೊಂದಾಣಿಕೆಗೇ ಹೋಗುತ್ತದೆ ಎಂದು ಶಿಂಗೊ ಹೇಳಿದ್ದರು. ನುರಿತ ಸೆಟ್ಟರ್ ಇದನ್ನು ಬೇಗ ಮಾಡಬಲ್ಲ ಎಂಬುದು ನಿಜ, ಆದರೆ ಬೇಗ ಮಾಡುವುದಕ್ಕಿಂತ ಮಾಡಬೇಕಾಗಿಯೇ ಬಾರದಂತೆ ನೋಡಿಕೊಳ್ಳುವುದು ಇಲ್ಲಿನ ಉದ್ದೇಶ. ಮೂಲ ಕಾರಣ ಶಟ್ ಹೈಟ್, ಅಂದರೆ ಡೈ ಪೂರ್ತಿ ಮುಚ್ಚಿದಾಗ ಕೆಳ ಶೂನ ತಳದಿಂದ ಮೇಲ್ ಶೂನ ಮೇಲ್ಮೈವರೆಗಿನ ಎತ್ತರ. ಅದು ಡೈಯಿಂದ ಡೈಗೆ ಬೇರೆಯಾಗಿರುವುದರಿಂದಲೇ ರ‍್ಯಾಮ್ ಅನ್ನು ಪ್ರತಿ ಸಲ ಏರಿಸಿ ಇಳಿಸಬೇಕಾಗುತ್ತದೆ.

ಒಂದು ಪ್ರೆಸ್‌ನಲ್ಲಿ ಮೂರು ಡೈ ಓಡುತ್ತವೆ ಎನ್ನೋಣ; ಶಟ್ ಹೈಟ್ ಕ್ರಮವಾಗಿ 320, 290, 305 ಮಿ.ಮೀ. ಎಲ್ಲವನ್ನೂ 320ಕ್ಕೆ ತರಲು ಎರಡನೆಯದಕ್ಕೆ 30, ಮೂರನೆಯದಕ್ಕೆ 15 ಮಿ.ಮೀ. ಪ್ಲೇಟ್ ಬೇಕು. ಹಾಗೆಂದು ಪ್ಲೇಟ್ ಅನ್ನು ಕಣ್ಣುಮುಚ್ಚಿ ಡೈಯ ಕೆಳಗೆ ಇಡುವಂತಿಲ್ಲ, ಏಕೆಂದರೆ ಪಟ್ಟಿ ಡೈಯೊಳಗೆ ಹೋಗುವ ಎತ್ತರವೂ ಅದರೊಂದಿಗೆ ಮೇಲೇರುತ್ತದೆ, ಆಗ ಪಟ್ಟಿ ತಳ್ಳುವ ಫೀಡರ್ ಹೊಂದಿಸುವ ಹೊಸ ಕೆಲಸ ಹುಟ್ಟುತ್ತದೆ. ಮೊದಲ ಡೈಯಲ್ಲಿ ಪಟ್ಟಿ 150 ಮಿ.ಮೀ. ಎತ್ತರದಲ್ಲಿ, ಎರಡನೆಯದರಲ್ಲಿ 140ರಲ್ಲಿ ಹೋಗುತ್ತಿದ್ದರೆ, 30ರಲ್ಲಿ 10 ಮಿ.ಮೀ. ಕೆಳಗೂ 20 ಮಿ.ಮೀ. ಮೇಲೂ ಹಂಚಬೇಕು. ಮೂರನೆಯದರಲ್ಲಿ ಈಗಾಗಲೇ 150 ಇದ್ದರೆ 15 ಮಿ.ಮೀ. ಪೂರ್ತಿ ಮೇಲ್ ಶೂಗೇ ಹೋಗುತ್ತದೆ. ಕೆಳಗಿಡುವ ಪ್ಲೇಟ್‌ನಲ್ಲಿ ಪಂಚ್ ಕತ್ತರಿಸಿದ ತುಂಡು, ಅಂದರೆ ಸ್ಲಗ್, ಬೀಳುವ ರಂಧ್ರಗಳನ್ನು ಡೈಯ ರಂಧ್ರಗಳಿಗೆ ನೇರವಾಗಿ, ತುಸು ದೊಡ್ಡದಾಗಿ ಕೊರೆಯಬೇಕು. ಅಲ್ಲಿ ಸ್ಲಗ್ ಸಿಕ್ಕಿಕೊಂಡು ಒಂದರ ಮೇಲೊಂದು ಪೇರಿಕೊಂಡರೆ ಪಂಚ್ ಮುರಿಯುತ್ತದೆ. ಪ್ಲೇಟ್‌ಗಳನ್ನು ಡೈಗೆ ಸ್ಕ್ರೂ ಹಾಕಿ ಕಾಯಂ ಮಾಡಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಾಳೆ ಹುಡುಕಬೇಕಾದ ಇನ್ನೊಂದು ವಸ್ತು ಅದೇ ಆಗುತ್ತದೆ.

ಇಷ್ಟಾದ ಮೇಲೆ 40 ನಿಮಿಷದಲ್ಲಿ ಉಳಿಯುವುದು ಪಟ್ಟಿ ತೂರಿಸುವುದು ಮತ್ತು ಮೊದಲ ಬಿಡಿಭಾಗದ ತಪಾಸಣೆ. ಗೇಜ್ ಪ್ರೆಸ್ ಪಕ್ಕದಲ್ಲೇ ಇದ್ದರೆ ಅದಕ್ಕೆ 4 ನಿಮಿಷ ಸಾಕು. ಬಿಗಿಯುವ 5 ಸೇರಿ ಒಟ್ಟು 9. ಬಿಡಿಭಾಗವನ್ನು ಗುಣಮಟ್ಟ ವಿಭಾಗಕ್ಕೆ ಕಳಿಸಿ ಉತ್ತರಕ್ಕಾಗಿ ಕಾಯುವ ಪದ್ಧತಿ ಇದ್ದರೆ ಮಾತ್ರ ಇಷ್ಟೆಲ್ಲ ಮಾಡಿಯೂ ಹತ್ತರ ಒಳಗೆ ಬರುವುದು ಕಷ್ಟ.

ಎತ್ತರ ಸಮ ಮಾಡಿದ್ದೇವೆಂದು ರ‍್ಯಾಮ್ ಮುಟ್ಟದಿರುವುದಕ್ಕೂ ಷರತ್ತುಗಳಿವೆ. ಬೋಲ್ಸ್ಟರ್ ಮೇಲೆ ಒಂದು ಚೂರು ಲೋಹ ಉಳಿದಿದ್ದರೂ ಡೈ ಓರೆಯಾಗಿ ಕೂರುತ್ತದೆ. ಬಿಡಿಭಾಗದ ಒಂದೇ ಬದಿಯಲ್ಲಿ ಬರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಏಣು, ದಪ್ಪಗಿದ್ದರೆ ಮೊದಲು ಅಲ್ಲಿಯೇ ನೋಡಬೇಕು. ಬಾಗಿಸುವ ಅಥವಾ ಒತ್ತಿ ಅಚ್ಚು ಮೂಡಿಸುವ ಹಂತವಿರುವ ಡೈಗಳಲ್ಲಿ ಕಾಯಿಲ್‌ನ ದಪ್ಪ ಸ್ವಲ್ಪ ಬದಲಾದರೂ ಫಲ ಬದಲಾಗುವುದರಿಂದ ಅಲ್ಲಿ ಸಣ್ಣ ತಿದ್ದುಪಡಿ ತಪ್ಪುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಸಾಣೆಯ ಪರಿಣಾಮ: ಕತ್ತರಿಸುವ ಪಂಚ್‌ನಿಂದ ಸಾಣೆಯಲ್ಲಿ 0.2 ಮಿ.ಮೀ. ತೆಗೆದರೆ ಅದು ಅಷ್ಟೇ ಗಿಡ್ಡವಾಗುತ್ತದೆ, ಆಗ ಸೆಟ್ಟರ್ ರ‍್ಯಾಮ್ ಇಳಿಸಿ ಕೆಲಸ ಸಾಗಿಸುತ್ತಾನೆ, ಆ ಕ್ಷಣದಿಂದ ಉಳಿದೆರಡು ಡೈಗಳಿಗೆ 320 ಸುಳ್ಳಾಗುತ್ತದೆ. ಮುಂದೆ ಬರುವ ಬಾಗಿಸುವ ಡೈ 0.2 ಮಿ.ಮೀ. ಹೆಚ್ಚು ಒತ್ತಿಕೊಂಡು ಪ್ರೆಸ್ ಮೇಲೆ ಅನಗತ್ಯ ಭಾರ ಬೀಳುತ್ತದೆ. ಆದ್ದರಿಂದ ಸಾಣೆ ಹಿಡಿದ ದಿನವೇ ಟೂಲ್ ರೂಮ್‌ನಲ್ಲಿ ಪಂಚ್‌ನ ಹಿಂದೆ 0.2 ಮಿ.ಮೀ. ದಪ್ಪದ ತೆಳು ತಗಡು, ಅಂದರೆ ಶಿಮ್, ಹಾಕಿ, ಡೈಯ ಕಾರ್ಡ್‌ನಲ್ಲಿ ಅದನ್ನು ಬರೆದು, ಆಮೇಲೆಯೇ ಡೈಯನ್ನು ರ‍್ಯಾಕ್‌ಗೆ ಕಳಿಸಬೇಕು.