ತುಂಬಿದ ಅರ್ಜಿಯಿಂದ ಕೈಬರಹವನ್ನಷ್ಟೇ ಅಳಿಸುವುದು

ಹಳೆಯ ನಮೂನೆಯೊಂದರ ಖಾಲಿ ಪ್ರತಿ ಎಲ್ಲಿಯೂ ಉಳಿದಿಲ್ಲ, ಯಾರೋ ತುಂಬಿಕೊಟ್ಟ ಪ್ರತಿಯೊಂದೇ ಕೈಯಲ್ಲಿದೆ ಎಂದಾಗ, ಬಹುತೇಕರು ಅದನ್ನು ಸ್ಕ್ಯಾನ್ ಮಾಡಿ ಬರಹದ ಮೇಲೆ ಬಿಳಿ ಬಣ್ಣ ಬಳಿಯಲು ತೊಡಗುತ್ತಾರೆ. ಅಕ್ಷರಗಳು ಗೆರೆಯನ್ನು ದಾಟಿರುವ ಕಡೆಯಲ್ಲೆಲ್ಲ ಗೆರೆಯೂ ಅಳಿದುಹೋಗುವುದರಿಂದ ಈ ಕೆಲಸ ಬೇಸರದ್ದಷ್ಟೇ ಅಲ್ಲ, ಕೆಟ್ಟದಾಗಿಯೂ ಮುಗಿಯುತ್ತದೆ. ಮುದ್ರಣ ಕಪ್ಪಾಗಿದ್ದು ಬರಹ ಬಣ್ಣದ ಶಾಯಿಯದ್ದಾಗಿದ್ದರೆ ಇದಕ್ಕಿಂತ ಉತ್ತಮವಾದ ದಾರಿಯೊಂದು ಬಣ್ಣದ ಸ್ವಭಾವದಲ್ಲಿಯೇ ಇದೆ.

ಸ್ಕ್ಯಾನರ್ ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕಿನ ಅಳತೆಗಳನ್ನು 0ಯಿಂದ 255ರವರೆಗಿನ ಸಂಖ್ಯೆಗಳಲ್ಲಿ ದಾಖಲಿಸುತ್ತದೆ. ಶಾಲಾ ಗ್ರಂಥಾಲಯದ ಹಳೆಯ ಸದಸ್ಯತ್ವ ಅರ್ಜಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ: ಕಾಗದ ತುಸು ಹಳದಿಗಟ್ಟಿದೆ, ಹೆಸರು ಮತ್ತು ವಿಳಾಸವನ್ನು ನೀಲಿ ಬಾಲ್‌ಪೆನ್ನಿನಲ್ಲಿ ಬರೆಯಲಾಗಿದೆ, ಮೂಲೆಯಲ್ಲಿ ಕೆಂಪು ಶಾಯಿಯ ಷರಾ ಇದೆ. ಇಂತಹ ಹಾಳೆಯಲ್ಲಿ ಕಪ್ಪು ಮುದ್ರಣದ ಅಳತೆಗಳು ಸುಮಾರು 45, 45, 50 ಎಂದಿರುತ್ತವೆ. ನೀಲಿ ಬರಹದ್ದು 60, 75, 150ರ ಆಸುಪಾಸಿನಲ್ಲಿ, ಕೆಂಪು ಷರಾದ್ದು 190, 50, 60ರ ಆಸುಪಾಸಿನಲ್ಲಿ, ಕಾಗದದ್ದು 235, 220, 175ರ ಹತ್ತಿರ ಬರಬಹುದು. ಬಣ್ಣದ ಶಾಯಿ ಎಂದರೆ ಯಾವುದಾದರೂ ಒಂದು ಬೆಳಕನ್ನಾದರೂ ಹಿಂದಿರುಗಿಸುವ ಶಾಯಿ. ಕಪ್ಪು ಮಾತ್ರ ಮೂರನ್ನೂ ನುಂಗುತ್ತದೆ. ಆದ್ದರಿಂದ ಪ್ರತಿ ಚುಕ್ಕೆಯ ಮೂರು ಅಳತೆಗಳಲ್ಲಿ ಅತಿ ದೊಡ್ಡದನ್ನಷ್ಟೇ ಉಳಿಸಿಕೊಂಡರೆ ಮುದ್ರಣ 50, ನೀಲಿ 150, ಕೆಂಪು 190, ಕಾಗದ 235 ಆಗುತ್ತವೆ. 115ರಲ್ಲಿ ಗಡಿ ಹಾಕಿ, ಅದಕ್ಕಿಂತ ಮೇಲಿನದೆಲ್ಲವನ್ನೂ ಬಿಳಿಯಾಗಿಸಿ, ಕೆಳಗಿನದನ್ನು ಕಪ್ಪಾಗಿಸಿದರೆ ಬರಹ ಮಾಯವಾಗುತ್ತದೆ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದ 7ನೇ ಆವೃತ್ತಿಯಲ್ಲಿ ಇದು ಒಂದೇ ಸಾಲಿನ ಕೆಲಸ:

```
magick form.png -alpha off -separate -evaluate-sequence Max -threshold 45% blank.png
```

ಈ ವಿಧಾನದ ನಿಜವಾದ ಸೊಗಸು ಕಾಣುವುದು ಬರಹವೂ ಗೆರೆಯೂ ಒಂದನ್ನೊಂದು ದಾಟುವ ಜಾಗದಲ್ಲಿ. ಅಲ್ಲಿ ಕಪ್ಪಿನ ಮೇಲೆ ನೀಲಿ ಬಿದ್ದಿದ್ದರೂ ಆ ಚುಕ್ಕೆ ಹೆಚ್ಚು ಬೆಳಗುವುದಿಲ್ಲ, ಕಪ್ಪಾಗಿಯೇ ಉಳಿಯುತ್ತದೆ. ಹೀಗಾಗಿ ಗೆರೆ ತುಂಡಾಗುವುದಿಲ್ಲ. ನೀಲಿಯಾಗಿರುವುದನ್ನೆಲ್ಲ ಹುಡುಕಿ ಅಳಿಸುವ ಸಾಧನಗಳಿಗೆ ಈ ಗುಣವಿಲ್ಲ, ಏಕೆಂದರೆ ದಾಟುವ ಜಾಗದ ಅಂಚಿನ ಚುಕ್ಕೆಗಳಲ್ಲಿ ನೀಲಿಯೂ ಕಪ್ಪೂ ಬೆರೆತಿರುತ್ತವೆ ಮತ್ತು ಆ ಸಾಧನಗಳು ಗೆರೆಯನ್ನೂ ಕಡಿಯುತ್ತವೆ.

ಸ್ಕ್ಯಾನ್ ಕೆಟ್ಟದ್ದಾಗಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಜೆಪೆಗ್ ಕಡತಗಳು ಗಾತ್ರ ಉಳಿಸಲು ಬಣ್ಣವನ್ನು ಸಾಮಾನ್ಯವಾಗಿ ಬೆಳಕಿಗಿಂತ ಒರಟಾಗಿ ದಾಖಲಿಸುವುದರಿಂದ ಬರಹದ ನೀಲಿ ಪಕ್ಕದ ಕಪ್ಪು ಅಕ್ಷರಗಳಿಗೆ ಹರಡುತ್ತದೆ. ಹಾಗಾಗಿ ಸ್ಕ್ಯಾನ್ ಮಾಡುವಾಗಲೇ ಬಣ್ಣದಲ್ಲಿ, ಇಂಚಿಗೆ 300 ಚುಕ್ಕೆಗಳಂತೆ, ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿ ಉಳಿಸಿಕೊಳ್ಳಬೇಕು. ಇನ್ನೊಂದು ತೊಂದರೆ ತೆಳು ಸ್ಕ್ಯಾನರುಗಳದ್ದು. ಅವುಗಳಲ್ಲಿ ಹಲವು ಮೂರು ಬಣ್ಣದ ದೀಪಗಳನ್ನು ಒಂದಾದ ಮೇಲೊಂದರಂತೆ ಹೊತ್ತಿಸಿ ಓದುತ್ತವೆ, ನಡುವೆ ಹಾಳೆ ಸ್ವಲ್ಪ ಸರಿದರೂ ಮೂರು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಕಾಲು ಮಿಲಿಮೀಟರ್ ದಪ್ಪದ ಗೆರೆ 300ರ ಸ್ಕ್ಯಾನಿನಲ್ಲಿ ಮೂರೇ ಚುಕ್ಕೆಗಳಷ್ಟು ಅಗಲವಿರುವುದರಿಂದ, ಅತಿ ದೊಡ್ಡದನ್ನು ಆರಿಸುವ ನಮ್ಮ ನಿಯಮ ಒಂದು ಚುಕ್ಕೆಯ ಸರಿತಕ್ಕೂ ಗೆರೆಯ ಮೂರನೇ ಒಂದು ಭಾಗವನ್ನು ತಿಂದುಬಿಡುತ್ತದೆ. ಕನ್ನಡ ಮುದ್ರಣದಲ್ಲಿ ಇದರ ಪೆಟ್ಟು ಮೊದಲು ಬೀಳುವುದು ಅತಿ ಸಣ್ಣ ಗೀಟುಗಳ ಮೇಲೆ: ‘ಧ’ದ ಕೆಳಗಿನ ಸೀಳು ಮಾಸಿದರೆ ಅದು ‘ದ’ ಆಗಿ ಕಾಣುತ್ತದೆ, ಒತ್ತಕ್ಷರಗಳ ಬಾಲಗಳು ಮುರಿಯುತ್ತವೆ.

ಇದನ್ನು ಕಣ್ಣಳತೆಗೆ ಬಿಡಬಾರದು. ಹೊಸ ಚಿತ್ರದಿಂದ ಮೂಲ ಚಿತ್ರವನ್ನು ಕಳೆದು, ಏನೇನು ಅಳಿದಿದೆ ಎಂಬುದನ್ನಷ್ಟೇ ತೋರಿಸುವ ಮೂರನೆಯ ಚಿತ್ರವೊಂದನ್ನು ಮಾಡಿಕೊಂಡು ನೋಡಬೇಕು. ಅದರಲ್ಲಿ ಮುದ್ರಿತ ಅಕ್ಷರಗಳ ಅಂಚುಗಳಲ್ಲದೆ ಮೈಯೂ ಕಾಣತೊಡಗಿದರೆ ಗಡಿಯನ್ನು ಏರಿಸಬೇಕು. ಹೊಸ ಚಿತ್ರದಲ್ಲಿ ಬರಹದ ತುಣುಕುಗಳು ಉಳಿದಿದ್ದರೆ ಇಳಿಸಬೇಕು. ಪೆನ್ನು ಒಂದೇ ಕಡೆ ಎರಡೆರಡು ಬಾರಿ ಓಡಿದಲ್ಲಿ ಶಾಯಿ ದಪ್ಪಗಟ್ಟಿ, ಅಂತಹ ಕಪ್ಪು ತುಣುಕುಗಳು ಉಳಿಯುವುದುಂಟು. ಅವು ಕೆಲವೇ ಆಗಿದ್ದರೆ ಕೈಯಿಂದ ಅಳಿಸುವುದೇ ಸರಿ. ಗಡಿ ಹಾಕದೆ ಬೂದು ಛಾಯೆಯ ಚಿತ್ರವನ್ನೇ ಹಂಚುವುದು ಮಾತ್ರ ಅಪಾಯ, ಏಕೆಂದರೆ ಅದರಲ್ಲಿ ಹಳೆಯ ಸದಸ್ಯರ ಹೆಸರು ಮಸುಕಾಗಿ ಉಳಿದಿದ್ದು, ಛಾಯೆಯ ಅಂತರವನ್ನು ಹೆಚ್ಚಿಸಿದ ಕೂಡಲೇ ಓದಲು ಸಿಗುತ್ತದೆ.

ಕಪ್ಪು ಪೆನ್ನಿನ ಬರಹಕ್ಕೆ ಮತ್ತು ಕಪ್ಪುಬಿಳುಪಿನ ಜೆರಾಕ್ಸ್ ಪ್ರತಿಗೆ ಬಣ್ಣದಿಂದ ಯಾವ ಸಹಾಯವೂ ಇಲ್ಲ. ಆದರೆ ಅದೇ ನಮೂನೆಯನ್ನು ಬೇರೆ ಬೇರೆಯವರು ತುಂಬಿದ ಮೂರು ಪ್ರತಿಗಳು ಸಿಕ್ಕಿದರೆ, ಮೂರು ಬಣ್ಣಗಳ ಬದಲು ಮೂರು ಹಾಳೆಗಳನ್ನು ಹೋಲಿಸಬಹುದು. ಮುದ್ರಣ ಮೂರರಲ್ಲೂ ಒಂದೇ ಜಾಗದಲ್ಲಿರುತ್ತದೆ, ಬರಹ ಇರುವುದಿಲ್ಲ. ಓರೆಯನ್ನು ತಿದ್ದಿ, ಮುದ್ರಿತ ಚೌಕಟ್ಟಿನ ಮೂಲೆಗಳನ್ನು ಒಂದರ ಮೇಲೊಂದು ಕೂರಿಸಿದ ಬಳಿಕ, ಪ್ರತಿ ಚುಕ್ಕೆಗೂ ಅತಿ ದೊಡ್ಡ ಅಳತೆಯ ಬದಲು ನಡುವಿನ ಅಳತೆಯನ್ನು ಆರಿಸುವುದು ಲೇಸು. ಒಂದು ಹಾಳೆ ತುಸು ಸರಿದಿದ್ದರೂ ಉಳಿದೆರಡು ಗೆರೆಯನ್ನು ಕಾಯುತ್ತವೆ. ಮೂವರಲ್ಲಿ ಇಬ್ಬರು ಒಂದೇ ಊರಿನ ಹೆಸರನ್ನು ಒಂದೇ ಜಾಗದಲ್ಲಿ ಬರೆದಿರುವ ಖಾನೆಗಳಲ್ಲಿ ಮಾತ್ರ ಕಲೆಗಳು ಉಳಿಯುತ್ತವೆ, ಅಂತಹ ಖಾನೆಗಳಿಗೆ ಬೇರೆ ಬೇರೆ ಊರಿನವರು ತುಂಬಿದ ನಾಲ್ಕನೆಯ ಮತ್ತು ಐದನೆಯ ಪ್ರತಿಗಳನ್ನು ಹುಡುಕಬೇಕಾಗುತ್ತದೆ.