ಬಗ್ಗಿದವನಿಗೆ ಏನು ಸಿಗುತ್ತದೆ?

ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಪರ್ಷಿಯಾದ ಬೀದಿಯಲ್ಲಿ ಇಬ್ಬರು ಎದುರಾದರೆ, ಅವರಲ್ಲಿ ಯಾರು ದೊಡ್ಡವರು ಅಂತ ನೋಡಿದವರಿಗೆ ಕೂಡಲೇ ಗೊತ್ತಾಗುತ್ತಿತ್ತಂತೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನು ಬರೆದಿಟ್ಟಿದ್ದಾನೆ. ಇಬ್ಬರೂ ಸರಿಸಮಾನರಾದರೆ ತುಟಿಗೆ ಮುತ್ತು. ಒಬ್ಬ ಸ್ವಲ್ಪ ಕೆಳಗಿನವನಾದರೆ ಕೆನ್ನೆಗೆ. ಅಂತರ ತೀರಾ ಜಾಸ್ತಿಯಾದರೆ ಮುತ್ತೇ ಇಲ್ಲ, ಕೆಳಗಿನವನು ನೆಲಕ್ಕೆ ಬಿದ್ದು ನಮಸ್ಕಾರ ಮಾಡಬೇಕು.

ಕೆನ್ನೆಗೆ ಮುತ್ತು ಅಂದರೆ ಫ್ರಾನ್ಸ್, ಬಗ್ಗುವುದು ಅಂದರೆ ಜಪಾನ್, ಕೈಮುಗಿಯುವುದು ಅಂದರೆ ನಾವು. ಹೀಗೆ ದೇಶಕ್ಕೊಂದು ಪದ್ಧತಿ ಹಂಚಿಕೊಟ್ಟು ನಾವು ಸುಮ್ಮನಾಗುತ್ತೇವೆ. ಪರ್ಷಿಯಾದವರು ಮುತ್ತನ್ನೂ ಅಡ್ಡಬೀಳುವುದನ್ನೂ ಒಂದೇ ಅಳತೆಕೋಲಿನ ಮೇಲೆ ಇಟ್ಟಿದ್ದರು. ಸಮಾನರು ಮುಟ್ಟುತ್ತಾರೆ, ಸಮಾನರಲ್ಲದವರು ತಗ್ಗುತ್ತಾರೆ. ಈ ಎರಡು ಗುಟ್ಟು ಗೊತ್ತಾದರೆ ಜಗತ್ತಿನ ಎಷ್ಟೋ ನಮಸ್ಕಾರಗಳನ್ನು ಓದಬಹುದು.

ತಗ್ಗುವುದು ಮನುಷ್ಯರು ಕಂಡುಹಿಡಿದದ್ದೇನಲ್ಲ. ಚಿಂಪಾಂಜಿಗಳ ಗುಂಪಿನಲ್ಲಿ ಕೆಳಗಿನ ದರ್ಜೆಯದು ಯಜಮಾನನ ಹತ್ತಿರ ಹೋಗುವಾಗ ಮೈ ಕುಗ್ಗಿಸಿ, ಏದುಸಿರಿನಂಥ ಗುರುಗುಟ್ಟುವ ಸದ್ದು ಮಾಡುತ್ತದೆ. ಯಜಮಾನ ಅನೇಕ ಸಲ ರೋಮ ನಿಮಿರಿಸಿ ಇನ್ನೂ ದೊಡ್ಡದಾಗಿ ಕಾಣುತ್ತಾನೆ. ನಾಯಿಯ ವಿಷಯವನ್ನು ಡಾರ್ವಿನ್ 1872ರಲ್ಲೇ ಹೇಳಿದ್ದ. ಜಗಳಕ್ಕೆ ನಿಂತ ನಾಯಿ ಸೆಟೆದು ಎತ್ತರವಾಗುತ್ತದೆ. ಅದೇ ನಾಯಿ ಬಂದದ್ದು ತನ್ನ ಯಜಮಾನ ಅಂತ ಗೊತ್ತಾದ ಕೂಡಲೇ ಮೈ ಇಳಿಸಿ ಬಾಲ ಆಡಿಸುತ್ತದೆ. ಜಗಳದ ಭಂಗಿಗೆ ಪೂರ್ತಿ ಉಲ್ಟಾ.

ಮನುಷ್ಯರ ಮಕ್ಕಳಿಗೆ ಇದು ಎಷ್ಟು ಬೇಗ ಅರ್ಥವಾಗುತ್ತದೆ? 2011ರಲ್ಲಿ ಲೊಟ್ಟೆ ಥಾಮ್ಸನ್ ಮತ್ತು ಸಂಗಡಿಗರು ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಕಣ್ಣು ಬಾಯಿ ಇರುವ ಎರಡು ಚೌಕಗಳು, ಒಂದು ದೊಡ್ಡದು, ಒಂದು ಚಿಕ್ಕದು. ಎರಡೂ ಎದುರುಬದುರಾಗಿ ಬಂದು ನಡುವೆ ಡಿಕ್ಕಿ ಹೊಡೆಯುತ್ತವೆ. ಕೊನೆಗೆ ಒಂದು ಬಗ್ಗಿ ಪಕ್ಕಕ್ಕೆ ಸರಿದು ಇನ್ನೊಂದಕ್ಕೆ ದಾರಿ ಬಿಡುತ್ತದೆ. ಚಿಕ್ಕದು ಬಗ್ಗಿದಾಗ ಮಕ್ಕಳಿಗೆ ಅದು ದೊಡ್ಡ ವಿಷಯವಲ್ಲ. ದೊಡ್ಡದು ಬಗ್ಗಿದಾಗ ಮಾತ್ರ 10ರಿಂದ 13 ತಿಂಗಳ ಮಕ್ಕಳು ಜಾಸ್ತಿ ಹೊತ್ತು ಕಣ್ಣರಳಿಸಿ ನೋಡಿದರು. 8 ತಿಂಗಳ ಮಕ್ಕಳಿಗೆ ವ್ಯತ್ಯಾಸ ಕಾಣಲಿಲ್ಲ. ದೊಡ್ಡದು ಗೆಲ್ಲುತ್ತದೆ, ಚಿಕ್ಕದು ದಾರಿ ಬಿಡುತ್ತದೆ ಎಂಬ ಲೆಕ್ಕ ಮಾತು ಸರಿಯಾಗಿ ಬರುವ ಮೊದಲೇ ತಲೆಯಲ್ಲಿ ಕೂತಿರುತ್ತದೆ. ಹಾಗಂತ ಈ ಪ್ರಯೋಗ ನಮಸ್ಕಾರವನ್ನು ಪೂರ್ತಿ ವಿವರಿಸುವುದಿಲ್ಲ. ಆ ಚೌಕಗಳಲ್ಲಿ ಬಗ್ಗಿದ್ದು ಸೋತಿತು, ಅಷ್ಟೇ. ನಮ್ಮಲ್ಲಿ ಬಗ್ಗಿದವರು ಬರಿಗೈಯಲ್ಲಿ ಏಳುವುದಿಲ್ಲ.

ಉಡುಪಿಯ ಕೃಷ್ಣ ಮಠದಲ್ಲಿ ಸ್ವಾಮಿಗಳಿಗೆ ಅಡ್ಡಬೀಳುವವರನ್ನು ಗಮನಿಸಿ. ಸ್ವಾಮಿಗಳು ತಿರುಗಿ ಅಡ್ಡಬೀಳುವುದಿಲ್ಲ, ಆದರೆ ಮಂತ್ರಾಕ್ಷತೆ ಕೊಡುತ್ತಾರೆ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ರಾತ್ರಿಯ ಜಪಮಾಲೆ ಪ್ರಾರ್ಥನೆ ತೇರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಹೋಗಿ ಬೆಸಾಂವ್ ಕೇಳುವ ಕ್ರಮ ಉಂಟು. ಹಿರಿಯರು ಕೈ ಎತ್ತಿ ಆಶೀರ್ವದಿಸಲೇಬೇಕು. ಮದುವೆ ಹಾಲ್‌ನಲ್ಲಿ ಮದುಮಗ ಅಜ್ಜಿಯ ಕಾಲಿಗೆ ಬಗ್ಗುವಾಗ ನಡೆಯುವುದೂ ಇದೇ. ಅವನ ಕೈ ಮೊಣಕಾಲಿನ ಹತ್ತಿರ ಬರುವಷ್ಟರಲ್ಲಿ ಅಜ್ಜಿ ಭುಜ ಹಿಡಿದು "ಸಾಕು ಸಾಕು, ಒಳ್ಳೆದಾಗ್ಲಿ ಮಗಾ" ಅನ್ನುತ್ತಾರೆ. ಇನ್ನೊಂದು ಕೈ ಆಗಲೇ ಪರ್ಸಿನ ಜಿಪ್ ಎಳೆಯುತ್ತಿರುತ್ತದೆ. ಕೆಳಗಿನಿಂದ ಗೌರವ ಹೋಯಿತು ಅಂದರೆ ಮೇಲಿನಿಂದ ಏನಾದರೂ ಇಳಿದು ಬರಬೇಕು. ಬರದಿದ್ದರೆ ಅದು ಅವಮಾನ.

ಥಾಯ್ಲೆಂಡಿನ ಕೈಮುಗಿಯುವ ಪದ್ಧತಿ 'ವಾಯ್'ನಲ್ಲೂ ಕಿರಿಯರೇ ಮೊದಲು. ಎದುರಿಗಿರುವವರು ದೊಡ್ಡವರಾದಷ್ಟೂ ಕೈ ಮೇಲೇರುತ್ತದೆ, ತಲೆ ತಗ್ಗುತ್ತದೆ. ತಂದೆತಾಯಿ, ಗುರುಗಳಿಗೆ ಹೆಬ್ಬೆರಳು ಮೂಗಿನ ತುದಿಗೆ. ಬೌದ್ಧ ಭಿಕ್ಷುಗಳಿಗೆ ಹುಬ್ಬುಗಳ ನಡುವೆ. ಭಿಕ್ಷು ಮಾತ್ರ ತಿರುಗಿ ಕೈಮುಗಿಯುವುದಿಲ್ಲ, ನಮ್ಮ ಸ್ವಾಮಿಗಳ ಹಾಗೆಯೇ.

ಈ ಕೊಡುಕೊಳ್ಳುವಿಕೆ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕ್ರಿ.ಪೂ. 327ರ ಒಂದು ಔತಣದ ಕತೆ ಉಂಟು. ಜಾಗ ಬ್ಯಾಕ್ಟ್ರಾ, ಈಗಿನ ಅಫ್ಘಾನಿಸ್ತಾನದ ಬಲ್ಖ್. ಪರ್ಷಿಯಾ ಗೆದ್ದ ಅಲೆಕ್ಸಾಂಡರನಿಗೆ ಅಲ್ಲಿಯವರಂತೆ ತನ್ನ ಮ್ಯಾಸಿಡೋನಿಯಾದವರೂ, ಗ್ರೀಕರೂ ಅಡ್ಡಬೀಳಲಿ ಎಂಬ ಆಸೆ. ಪರ್ಷಿಯಾದವರಿಗೆ ಅದು ರಾಜಮರ್ಯಾದೆ. ಗ್ರೀಕರು ಅಡ್ಡಬೀಳುವುದು ದೇವರಿಗೆ ಮಾತ್ರ. ಅದಕ್ಕೆ ಒಂದು ಉಪಾಯ ಹೂಡಿದರು. ಪ್ರತಿಯೊಬ್ಬ ಅತಿಥಿಯೂ ಬಟ್ಟಲಿನಿಂದ ಕುಡಿಯಬೇಕು, ಎದ್ದು ಅಡ್ಡಬೀಳಬೇಕು, ಆಮೇಲೆ ಹೋಗಿ ದೊರೆಗೆ ಮುತ್ತು ಕೊಟ್ಟು ಅವನಿಂದ ಮುತ್ತು ಪಡೆಯಬೇಕು. ಮೊದಲು ತಗ್ಗು, ಆಮೇಲೆ ಸಮಾನನ ಹಾಗೆ ಮುಟ್ಟು. ಜಾಣತನದ ಏರ್ಪಾಡು ಅಲ್ವಾ? ಬಗ್ಗಿದ ಅವಮಾನ ಮುತ್ತಿನಲ್ಲಿ ವಜಾ ಆಗುತ್ತದೆ.

ಆಸ್ಥಾನದ ಇತಿಹಾಸಕಾರ ಕ್ಯಾಲಿಸ್ಥೆನಿಸ್‌ನ ಸರದಿ ಬಂತು. ಅವನು ಕುಡಿದ, ಅಡ್ಡಬೀಳಲಿಲ್ಲ, ಸೀದಾ ಮುತ್ತಿಗೆ ಹೋದ. ಅಲೆಕ್ಸಾಂಡರ್ ಗೆಳೆಯ ಹೆಫೆಸ್ಟಿಯನ್ ಜೊತೆ ಮಾತಿನಲ್ಲಿದ್ದ, ಗಮನಿಸಲಿಲ್ಲ. ಪಕ್ಕದಲ್ಲಿದ್ದವನೊಬ್ಬ ಚಾಡಿ ಹೇಳಿದ. ದೊರೆ ಮುಖ ತಿರುಗಿಸಿಕೊಂಡ. "ಸರಿ, ಒಂದು ಮುತ್ತು ನಷ್ಟ ಮಾಡಿಕೊಂಡು ಹೋಗುತ್ತೇನೆ" ಅಂತ ಕ್ಯಾಲಿಸ್ಥೆನಿಸ್ ಗಟ್ಟಿಯಾಗಿಯೇ ಹೇಳಿ ಹೊರಟನಂತೆ. ಈ ಕತೆಯನ್ನು ಪ್ಲುಟಾರ್ಕ್, ಆರಿಯನ್ ಇಬ್ಬರೂ ದಾಖಲಿಸಿದ್ದಾರೆ. ಅಡ್ಡಬೀಳಿಸುವ ಆ ಯೋಜನೆ ಅಲ್ಲಿಗೇ ನಿಂತಿತು. ಸ್ವಲ್ಪ ಸಮಯದಲ್ಲೇ ಬೇರೊಂದು ಪಿತೂರಿಯ ಆರೋಪದಲ್ಲಿ ಕ್ಯಾಲಿಸ್ಥೆನಿಸ್‌ನ ಬಂಧನವಾಯಿತು. ಅವನು ಬದುಕಿ ಹೊರಗೆ ಬರಲಿಲ್ಲ.

ಇಲ್ಲಿ ಎಲ್ಲರಿಗೂ ಮೇಲಿನ ಜಾಗವೇ ಬೇಕಿತ್ತು. ಕೆಳಗಿನ ಜಾಗಕ್ಕೇ ಪೈಪೋಟಿ ನಡೆಯುವ ಊರೂ ಉಂಟು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ವೊಲೊಫ್ ಜನರ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಜುಡಿತ್ ಅರ್ವಿನ್ 1974ರಲ್ಲಿ ಇದರ ಬಗ್ಗೆ ಬರೆದರು. ಅಲ್ಲಿ ಸಲಾಂ ಆದ ಮೇಲೆ ಪ್ರಶ್ನೆಗಳ ಸಾಲು ಶುರು: ಹೇಗಿದ್ದೀರಿ, ಮನೆಯವರೆಲ್ಲಾ ಎಲ್ಲಿದ್ದಾರೆ, ಹೇಗಿದ್ದಾರೆ. ಹತ್ತಿರ ಬಂದು ಮೊದಲು ಮಾತಾಡಿಸುವುದು, ಪ್ರಶ್ನೆ ಕೇಳುವುದು ಕೆಳಗಿನವರ ಕೆಲಸ. ದೊಡ್ಡವರು ಅಲ್ಲಾಡದೆ ಕೂತು ಚುಟುಕಾಗಿ ಉತ್ತರ ಕೊಡುತ್ತಾರೆ. ಹೊಗಳಿ ಹಾಡುವ ಗ್ರಿಯೋಗಳು ಮಾತಾಡುತ್ತಾರೆ, ಕುಲೀನರು ಕೇಳುತ್ತಾರೆ.

ದೊಡ್ಡವನಾಗಿ ಕೂತವನಿಗೆ ಒಂದು ಕಷ್ಟ ಉಂಟು. ಕೇಳಿದವರಿಗೆ ಕೈ ಎತ್ತಿ ಕೊಡಬೇಕು. ಹಾಗಾಗಿ ಜೇಬಿಗೆ ಕತ್ತರಿ ಬೀಳುತ್ತದೆ ಅಂತ ಅನಿಸಿದವನು ತಾನೇ ಮುನ್ನುಗ್ಗಿ ಮೊದಲು ಮಾತಾಡಿಸಿ ಕೆಳಗಿನ ಜಾಗ ಹಿಡಿದುಬಿಡುತ್ತಾನೆ. ಎದುರಿನವನೂ ಸುಮ್ಮನೆ ಬಿಡುವುದಿಲ್ಲ. ಒಂದು ಪ್ರಶ್ನೆಗೆ ಉತ್ತರ ಕೊಟ್ಟು, ಉಸಿರು ಬಿಡುವ ಮೊದಲೇ ತಾನೂ ಒಂದು ಪ್ರಶ್ನೆ ಹಾಕಿ ಪಾತ್ರ ಅದಲುಬದಲು ಮಾಡಲು ನೋಡುತ್ತಾನೆ. ಬೇಕೆಂದೇ ತಗ್ಗಿಕೊಳ್ಳುವ ಈ ಉಪಾಯಕ್ಕೆ ಅರ್ವಿನ್ ತಮ್ಮ ಬರಹದಲ್ಲಿ ದೊಡ್ಡ ಜಾಗ ಕೊಟ್ಟಿದ್ದಾರೆ.

ಗಲ್ಫ್‌ನಿಂದ ರಜೆಗೆ ಬಂದವರು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ, ಎದುರು ಬಂದವರಿಗೆ ಬಾಯಿ ತೆರೆಯಲು ಬಿಡದೆ ತುಳುವಿನಲ್ಲಿ "ಎಂಚಿನ ವಿಶೇಷ?", ಏನು ವಿಶೇಷ ಅಂತ ತಾವೇ ಕೇಳಿಬಿಡುವುದನ್ನು ನಾನು ನೋಡಿದ್ದೇನೆ. ಬರುವ ಉತ್ತರ "ದಾಲ ಇಜ್ಜಿ", ಏನೂ ಇಲ್ಲ. ಅದರ ಬೆನ್ನಿಗೇ "ಈರ್ ಏಪ ಬತ್ತಿನಿ?", ನೀವು ಯಾವಾಗ ಬಂದದ್ದು ಅಂತ ಮರುಪ್ರಶ್ನೆ ಬಂತೆಂದರೆ ಆಟ ಇನ್ನೂ ಮುಗಿದಿಲ್ಲ ಎಂದೇ ಲೆಕ್ಕ.